ಕುರ್ಚಿ ಬಿಡುವ ಕಾಗದ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಿವಾಸಿಗಳ ಸಂಘದ ರಾಜೀನಾಮೆ ಬರುವ ಹೊತ್ತು ಹೆಚ್ಚಾಗಿ ರಾತ್ರಿ ಹನ್ನೊಂದು. ಟ್ಯಾಂಕರ್ ನೀರಿನ ಬಿಲ್ಲಿನ ಮೇಲೋ ಪಾರ್ಕಿಂಗ್ ಜಾಗದ ಮೇಲೋ ಎರಡು ಗಂಟೆ ಜಟಾಪಟಿ ನಡೆದ ಮೇಲೆ, ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬೀಳುತ್ತದೆ: ‘ನನಗೆ ಸಾಕಾಯಿತು, ಬೇರೆ ಯಾರನ್ನಾದರೂ ನೋಡಿಕೊಳ್ಳಿ.’ ಬೆಳಗಾಗುವಷ್ಟರಲ್ಲಿ ನಾಲ್ಕು ಜನ ಕೈಮುಗಿದ ಚಿತ್ರ ಹಾಕಿರುತ್ತಾರೆ, ಇಬ್ಬರು ‘ಯಾಕೆ ಸರ್?’ ಅಂದಿರುತ್ತಾರೆ. ಎಲ್ಲರ ಕೊನೆಗೆ ಒಬ್ಬರು ಮೆಲ್ಲಗೆ ಕೇಳುತ್ತಾರೆ: ‘ಈ ತಿಂಗಳು ಸೆಕ್ಯುರಿಟಿಯವರ ಚೆಕ್‌ಗೆ ಸಹಿ ಯಾರು ಹಾಕೋದು?’

ರಾಜೀನಾಮೆ ಪತ್ರ ಉತ್ತರ ಕೊಡಬೇಕಾದದ್ದು ಈ ಕೊನೆಯ ಪ್ರಶ್ನೆಗೆ. ನಮ್ಮಲ್ಲಿ ಬರೆಯುವ ಹೆಚ್ಚಿನ ಪತ್ರಗಳು ಮಾತ್ರ ‘ಯಾಕೆ’ ಎಂಬುದಕ್ಕೆ ಒಂದು ಪುಟ ಕೊಟ್ಟು, ಸಹಿಯ ವಿಚಾರವನ್ನೇ ಎತ್ತುವುದಿಲ್ಲ. ಅಧ್ಯಕ್ಷರು ಹೋದರೆ ಉಪಾಧ್ಯಕ್ಷರು ಸಭೆ ನಡೆಸಬಹುದು. ಖಜಾಂಚಿ ಹೋದರೆ ಹಾಗಲ್ಲ. ಬ್ಯಾಂಕಿನ ಒಟಿಪಿ ಬರುವುದು ಅವರ ಮೊಬೈಲಿಗೆ. ಹಾಗಾಗಿ ಖಜಾಂಚಿಯ ಪತ್ರವನ್ನೇ ಇಲ್ಲಿ ಹಿಡಿದು ನೋಡೋಣ. ಅದನ್ನು ಸರಿಯಾಗಿ ಬರೆಯಬಲ್ಲವರಿಗೆ ಉಳಿದ ಹುದ್ದೆಗಳ ಪತ್ರ ಕಷ್ಟವಾಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 80 ಮನೆಗಳ ಅಪಾರ್ಟ್‌ಮೆಂಟು, ಮನೆಗೆ ತಿಂಗಳಿಗೆ 3,500 ರೂಪಾಯಿ ನಿರ್ವಹಣಾ ಶುಲ್ಕ. ಖಜಾಂಚಿ ಎರಡು ವರ್ಷದಿಂದ ಲೆಕ್ಕ ನೋಡುತ್ತಿದ್ದಾರೆ. ಹಾಸನದಲ್ಲಿರುವ ತಾಯಿಗೆ ಮಂಡಿ ಶಸ್ತ್ರಚಿಕಿತ್ಸೆಯಾಗಿ, ತಿಂಗಳಲ್ಲಿ ಅರ್ಧ ದಿನ ಅಲ್ಲೇ ಇರಬೇಕಾಗಿದೆ. ಹುದ್ದೆ ಬಿಡುವುದಂತೂ ಖಚಿತ. ಯಾವಾಗ ಎಂಬುದು ಮೊದಲು ತೀರ್ಮಾನವಾಗಬೇಕು.

ಮಾರ್ಚ್, ಏಪ್ರಿಲ್ ಬೇಡ. ವರ್ಷದ ಲೆಕ್ಕ ಮುಗಿಸುವ ಹೊತ್ತಿನಲ್ಲಿ ಎದ್ದು ಹೋದರೆ ಮುಂದೆ ಬರುವವರಿಗೆ ಆ ವರ್ಷದ ಒಂದು ರಸೀದಿಯ ತಲೆಬುಡವೂ ತಿಳಿಯುವುದಿಲ್ಲ. ಇನ್ನೊಂದು ಲೆಕ್ಕ ಟಿಡಿಎಸ್‌ನದು. ಸೆಕ್ಯುರಿಟಿ ಏಜೆನ್ಸಿಯಂಥ ಗುತ್ತಿಗೆದಾರರಿಗೆ ಹಣ ಕೊಡುವಾಗ ಹಿಡಿದ ತೆರಿಗೆಯನ್ನು ಮರು ತಿಂಗಳ 7ರೊಳಗೆ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ರಿಟರ್ನಿಗೆ ಮೇ 31 ಕೊನೆ ದಿನ. ಆದ್ದರಿಂದ ನಮ್ಮ ಖಜಾಂಚಿ ಅದನ್ನು ಸಲ್ಲಿಸಿ, ಜೂನ್ 1ಕ್ಕೆ ಪತ್ರ ಕೊಟ್ಟು, ಜೂನ್ 30ಕ್ಕೆ ಹುದ್ದೆ ಬಿಡುತ್ತಾರೆ. ಮುಂದಿನ ರಿಟರ್ನ್ ಜುಲೈ 31ಕ್ಕೆ. ಹೊಸಬರಿಗೆ ಉಸಿರಾಡಲು ಒಂದು ತಿಂಗಳು ಸಿಗುತ್ತದೆ.

ಪತ್ರ ಬರೆಯುವ ಮೊದಲು ಸಂಘದ ಬೈಲಾ ತೆರೆದು ಒಂದೇ ಒಂದು ವಾಕ್ಯ ಹುಡುಕಬೇಕು: ರಾಜೀನಾಮೆ ಜಾರಿಗೆ ಬರುವುದು ಯಾವಾಗ? ಕೆಲವು ಸಂಘಗಳಲ್ಲಿ ಪತ್ರ ತಲುಪಿದರೆ ಮುಗಿಯಿತು. ಇನ್ನು ಕೆಲವದರಲ್ಲಿ ಸಮಿತಿ ಸಭೆ ಸೇರಿ ಅಂಗೀಕರಿಸಬೇಕು. ಎರಡನೆಯ ಬಗೆಯಾದರೆ ‘ಹುದ್ದೆ ಬಿಟ್ಟಿದ್ದೇನೆ’ ಎಂದು ಬರೆದವರು ಕಾಗದದ ಮೇಲೆ ಇನ್ನೂ ಖಜಾಂಚಿಯೇ. ಮೂರು ತಿಂಗಳ ನಂತರ ಏನಾದರೂ ಎಡವಟ್ಟಾದರೆ ಉತ್ತರ ಹೇಳಬೇಕಾದವರೂ ಅವರೇ. ‘ದಯವಿಟ್ಟು ಮುಂದಿನ ಸಭೆಯಲ್ಲಿ ಅಂಗೀಕರಿಸಿ, ನಡಾವಳಿಯಲ್ಲಿ ದಾಖಲಿಸಬೇಕು’ ಎಂಬ ಸಾಲು ಆಗ ಪತ್ರದಲ್ಲಿ ಇರಲೇಬೇಕು.

ಪತ್ರ ಹೋಗುವ ಕ್ರಮವೂ ಮುಖ್ಯ. ಮೊದಲು ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಬಾಯಲ್ಲಿ ಹೇಳಬೇಕು, ಆಮೇಲೆ ಸಮಿತಿಗೆ ಲಿಖಿತ ಪತ್ರ, ನಿವಾಸಿಗಳಿಗೆ ಸುದ್ದಿ ಕಡೆಗೆ. ಅಧ್ಯಕ್ಷರು ತಮ್ಮದೇ ಸಮಿತಿಯ ಸುದ್ದಿಯನ್ನು ಲಿಫ್ಟಿನಲ್ಲಿ ಪಕ್ಕದ ಮನೆಯವರ ಬಾಯಿಂದ ಕೇಳಿದರೆ, ಪತ್ರದ ಒಳಗೆ ಎಷ್ಟು ಸಕ್ಕರೆ ಸುರಿದಿದ್ದರೂ ಕಹಿ ಹೋಗುವುದಿಲ್ಲ.

ಈಗ ಪತ್ರ.

*ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಹಾಗೂ ಸಮಿತಿಯ ಎಲ್ಲ ಸದಸ್ಯರಿಗೆ ನಮಸ್ಕಾರ.*

*ತಾಯಿಯವರ ಆರೈಕೆಗಾಗಿ ಮುಂದಿನ ಕೆಲವು ತಿಂಗಳು ನಾನು ಹಾಸನದಲ್ಲೇ ಹೆಚ್ಚು ಇರಬೇಕಾಗಿದೆ. ಖಜಾಂಚಿ ಕೆಲಸವನ್ನು ಅಲ್ಲಿಂದ ಸರಿಯಾಗಿ ಮಾಡಲಾಗದು. ಆದ್ದರಿಂದ ಜೂನ್ 30ರಿಂದ ಜಾರಿಗೆ ಬರುವಂತೆ ಈ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ಮುಂದಿನ ಸಭೆಯಲ್ಲಿ ಇದನ್ನು ಅಂಗೀಕರಿಸಿ, ನಡಾವಳಿಯಲ್ಲಿ ದಾಖಲಿಸಬೇಕಾಗಿ ಕೋರುತ್ತೇನೆ.*

*ಮೇ 31ರಂದು ಉಳಿತಾಯ ಖಾತೆಯಲ್ಲಿ 4,12,000 ರೂ., ನಿಶ್ಚಿತ ಠೇವಣಿಯಲ್ಲಿ 18,00,000 ರೂ., ಮ್ಯಾನೇಜರ್ ಬಳಿ ಸಣ್ಣಪುಟ್ಟ ಖರ್ಚಿನ ನಗದು 15,000 ರೂ. ಇದೆ. ಆರು ಮನೆಗಳಿಂದ 1,26,000 ರೂ. ಬರಬೇಕಿದೆ, ವಿವರವನ್ನು ಅಧ್ಯಕ್ಷರಿಗೆ ಬೇರೆಯಾಗಿ ಕೊಟ್ಟಿದ್ದೇನೆ. ಬೋರ್‌ವೆಲ್ ಮೋಟಾರ್ ರಿಪೇರಿಯ 38,000 ರೂ. ಬಿಲ್ಲಿಗೆ ಇನ್ನೂ ಹಣ ಕೊಟ್ಟಿಲ್ಲ, ಏಕೆಂದರೆ ಗ್ಯಾರಂಟಿ ಕಾಗದ ಬಂದಿಲ್ಲ.*

*ಬ್ಯಾಂಕಿನಲ್ಲಿ ಹೊಸ ಖಜಾಂಚಿಯ ಸಹಿ ದಾಖಲಾಗುವವರೆಗೆ, ಸಮಿತಿ ಲಿಖಿತವಾಗಿ ಒಪ್ಪಿದ ಪಾವತಿಗಳಿಗೆ ಮಾತ್ರ ನಾನು ಸಹಿ ಹಾಕುತ್ತೇನೆ. ಜುಲೈ ತಿಂಗಳಲ್ಲಿ ಭಾನುವಾರ ಬೆಳಿಗ್ಗೆ ಹೊಸಬರ ಜೊತೆ ಕುಳಿತು ಲೆಕ್ಕದ ಪುಸ್ತಕ ವಿವರಿಸಬಲ್ಲೆ.*

*ಕಳೆದ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಾಗ ಪ್ರತಿ ಟ್ಯಾಂಕರ್ ಬಂದ ಹೊತ್ತನ್ನು ಗೇಟಿನಲ್ಲಿ ಬರೆದಿಟ್ಟ ಸೆಕ್ಯುರಿಟಿ ಸಿಬ್ಬಂದಿಯಿಂದಾಗಿ ಆ ನಾಲ್ಕು ತಿಂಗಳ ಬಿಲ್ಲುಗಳು ತಾಳೆಯಾದವು. ಅವರಿಗೂ, ಜೊತೆಗೆ ನಿಂತ ನಿಮಗೂ ಕೃತಜ್ಞತೆಗಳು.*

ಇಷ್ಟೇ. ಕಾರಣಕ್ಕೆ ಎರಡೇ ವಾಕ್ಯ. ಓದಿದವರು ‘ನಿಜವಾದ ಕಾರಣ ಬೇರೆ ಇರಬೇಕು’ ಎಂದು ಹುಡುಕದಿರಲು ಅಷ್ಟು ಸಾಕು. ಹೆಚ್ಚು ಬರೆದಷ್ಟೂ ಅದು ಚರ್ಚೆಗೆ ಕರೆದಂತಾಗುತ್ತದೆ. ‘ಹಾಸನದಿಂದಲೇ ಆನ್‌ಲೈನಲ್ಲಿ ಮಾಡಿ ಸರ್’ ಎಂಬ ಸಲಹೆಗಳು ಶುರುವಾಗುತ್ತವೆ.

ಮೂರನೆಯ ಭಾಗದ ಅಂಕಿಗಳನ್ನು ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿಯೇ ಬರೆಯಬೇಕು. ನೂರು ರೂಪಾಯಿ ಹೆಚ್ಚುಕಡಿಮೆಯಾದರೂ ಜನ ನೆನಪಿಟ್ಟುಕೊಳ್ಳುವುದು ಅದನ್ನೇ. ಬಾಕಿದಾರರ ಮನೆ ಸಂಖ್ಯೆಗಳನ್ನು ಪತ್ರದಲ್ಲಿ ಹಾಕದಿರುವುದು ಬರಿಯ ಸೌಜನ್ಯವಲ್ಲ. ಇಂಥ ಪತ್ರ ಸಮಿತಿಯೊಳಗೆ ಉಳಿಯುವುದಿಲ್ಲ, ಸಂಜೆಯೊಳಗೆ ಯಾರೋ ಅದರ ಫೋಟೊ ಕಳಿಸಿರುತ್ತಾರೆ.

ತೀರಾ ತೊಡಕಾಗುವುದು ಬ್ಯಾಂಕ್. ಸಂಘದ ಖಾತೆ ಸಾಮಾನ್ಯವಾಗಿ ಇಬ್ಬರ ಜಂಟಿ ಸಹಿಯಲ್ಲಿ ನಡೆಯುತ್ತದೆ. ಸಹಿ ಬದಲಾಗಬೇಕಾದರೆ ಸಮಿತಿಯ ನಿರ್ಣಯದ ಪ್ರತಿ, ಹೊಸಬರ ಗುರುತಿನ ದಾಖಲೆ, ಮಾದರಿ ಸಹಿ, ಎಲ್ಲವೂ ಬ್ಯಾಂಕಿಗೆ ಹೋಗಬೇಕು. ಒಂದೆರಡು ವಾರ ಹಿಡಿದರೂ ಆಶ್ಚರ್ಯವಿಲ್ಲ. ಆ ನಡುವೆ ಬೆಸ್ಕಾಂ ಬಿಲ್ಲು ಕಾಯುವುದಿಲ್ಲ, ಹೌಸ್‌ಕೀಪಿಂಗ್ ಸಿಬ್ಬಂದಿಯ ಸಂಬಳವೂ ಕಾಯುವುದಿಲ್ಲ. ಬಿಟ್ಟು ಹೋದವರ ಸಹಿಯೇ ಬ್ಯಾಂಕಿನ ಲೆಕ್ಕದಲ್ಲಿ ಇನ್ನೂ ಜೀವಂತ. ನಾಲ್ಕನೆಯ ಭಾಗ ಇರುವುದು ಇದಕ್ಕಾಗಿ. ‘ಸಮಿತಿ ಲಿಖಿತವಾಗಿ ಒಪ್ಪಿದ’ ಎಂಬ ಮೂರು ಪದ ಖಜಾಂಚಿಯನ್ನು ಕಾಯುತ್ತದೆ, ಸಂಘವನ್ನೂ ಕಾಯುತ್ತದೆ. ಇದರ ಬದಲು ಹಲವರು ಹತ್ತಾರು ಖಾಲಿ ಚೆಕ್‌ಗಳಿಗೆ ಸಹಿ ಹಾಕಿ ಮ್ಯಾನೇಜರ್ ಕೈಗೆ ಕೊಟ್ಟು, ಅದನ್ನೇ ದೊಡ್ಡ ಉಪಕಾರವೆಂದು ತಿಳಿಯುತ್ತಾರೆ. ಮುಂದೆ ಆ ಚೆಕ್ಕಿನಲ್ಲಿ ಯಾವ ಮೊತ್ತ ಬರೆದರೂ ಕೆಳಗಿರುವುದು ಅವರ ಹೆಸರು. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡನ್ನು ಹೊಸಬರಿಗೆ ಹೇಳಿಬಿಡುವುದೂ ಇದೇ ಜಾತಿಯ ಉಪಕಾರ. ಹೊಸಬರ ಹೆಸರಿಗೇ ಹೊಸ ಲಾಗಿನ್ ಆಗಬೇಕು. ಆದಾಯ ತೆರಿಗೆಯ ತಾಣದಲ್ಲೂ ಟಿಡಿಎಸ್ ಖಾತೆಯಲ್ಲೂ ಸಂಪರ್ಕದ ಮೊಬೈಲ್ ಸಂಖ್ಯೆ ಬದಲಾಗಬೇಕು. ಇದನ್ನು ಮರೆತರೆ ಎರಡು ವರ್ಷದ ನಂತರವೂ ಸಂಘಕ್ಕೆ ಬಂದ ನೋಟಿಸಿನ ಸಂದೇಶ ಹಾಸನದಲ್ಲಿರುವವರ ಫೋನಿನಲ್ಲಿ ಬಂದು ಬಿದ್ದಿರುತ್ತದೆ.

ಕೃತಜ್ಞತೆಯ ಬಗ್ಗೆ ಒಂದು ಮಾತು. ‘ಗೊತ್ತಿದ್ದೋ ಗೊತ್ತಿಲ್ಲದೆಯೋ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ’ ಎಂಬ ಸಾಲು ನಮ್ಮ ಬೀಳ್ಕೊಡುಗೆ ಭಾಷಣಗಳಿಂದ ನೇರವಾಗಿ ಪತ್ರಕ್ಕೆ ಇಳಿದಿದೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಜಗಳವಾಡಿದವರು ಮಾತ್ರ ‘ಇದು ನನಗೇ’ ಎಂದುಕೊಳ್ಳುತ್ತಾರೆ. ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿ ನೆನೆಯುವುದು ಇದಕ್ಕಿಂತ ಎಷ್ಟೋ ಮೇಲು. ಗೇಟಿನ ಆ ಪುಸ್ತಕವನ್ನು ಮುಂದಿನವರೂ ನಿಲ್ಲಿಸದಂತೆ ಅದು ಒಂದು ಸೂಚನೆಯೂ ಆಗುತ್ತದೆ.

ಇನ್ನು ಕಾರಣ ತಾಯಿಯ ಮಂಡಿಯಲ್ಲ, ಸಮಿತಿಯೊಳಗಿನ ಜಗಳವೇ ಆಗಿದ್ದರೆ? ಇಲ್ಲಿ ಎರಡು ಬಗೆಯನ್ನು ಬೇರೆ ಮಾಡಬೇಕು. ಸ್ವಭಾವ ಹೊಂದದ ಜಗಳವಾದರೆ ‘ವೈಯಕ್ತಿಕ ಕಾರಣಗಳಿಂದ’ ಎಂಬ ಹಳೆಯ ಮಾತು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು, ಯಾರೂ ಬಿಡಿಸಿ ಕೇಳುವುದಿಲ್ಲ. ಆದರೆ ಹಣದ ವಿಷಯದಲ್ಲಿ ಅನುಮಾನವಿದ್ದರೆ ಅದೇ ಮಾತು ಖಜಾಂಚಿಗೇ ಉರುಳಾಗಬಹುದು. ಸಭೆಯ ಮುಂದೆ ಬಾರದ ಒಂದು ಬಣ್ಣ ಬಳಿಯುವ ಗುತ್ತಿಗೆಗೆ ಮುಂಗಡ ಹೋಗಿದೆ, ಅವರು ಅದನ್ನು ಒಪ್ಪಿರಲಿಲ್ಲ ಎಂದಿಟ್ಟುಕೊಳ್ಳಿ. ಪತ್ರದಲ್ಲಿ ಹೀಗೆ ಬರೆಯಬಹುದು: ‘ಬಣ್ಣದ ಗುತ್ತಿಗೆಯ ಮುಂಗಡದ ಬಗ್ಗೆ ನನ್ನ ಆಕ್ಷೇಪ ಏಪ್ರಿಲ್ ಸಭೆಯ ನಡಾವಳಿಯಲ್ಲಿದೆ, ಲೆಕ್ಕ ಪರಿಶೋಧಕರು ಅದನ್ನು ನೋಡಬೇಕೆಂದು ಕೋರುತ್ತೇನೆ.’ ಯಾರ ಹೆಸರೂ ಇಲ್ಲ, ‘ಮೋಸ’ ಎಂಬ ಪದವೂ ಇಲ್ಲ. ಆದರೆ ಇಂಥ ಸಾಲು ಬರೆಯಲು ಏಪ್ರಿಲ್‌ನಲ್ಲೇ ಆಕ್ಷೇಪ ದಾಖಲಾಗಿರಬೇಕು. ಸಭೆಯಲ್ಲಿ ಸುಮ್ಮನಿದ್ದು ರಾಜೀನಾಮೆಯಲ್ಲಿ ಬಾಯಿ ಬಿಟ್ಟರೆ, ಅದು ಹೋಗುವಾಗ ಬಾಗಿಲು ಬಡಿದ ಸದ್ದಿನ ಹಾಗೆ ಕೇಳುತ್ತದೆ.

ಪತ್ರದ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಾರ್ಯದರ್ಶಿಯಿಂದ ‘ಸ್ವೀಕರಿಸಿದೆ’ ಎಂದು ದಿನಾಂಕದೊಡನೆ ಸಹಿ ಪಡೆಯಬೇಕು. ಚೆಕ್ ಪುಸ್ತಕ, ಠೇವಣಿ ರಸೀದಿ, ವೋಚರ್ ಕಡತ, ಕಪಾಟಿನ ಕೀಲಿ ಇವುಗಳ ಪಟ್ಟಿಗೆ ಕೊಟ್ಟವರೂ ಪಡೆದವರೂ ಇಬ್ಬರೂ ಸಹಿ ಹಾಕಬೇಕು. ವಾಟ್ಸಾಪ್ ಗುಂಪಿನ ಅಡ್ಮಿನ್ ಪಟ್ಟ ಬಿಟ್ಟರೆ ಸಾಕು, ಅದೇ ದಿನ ಗುಂಪನ್ನೇ ಬಿಡಬಾರದು. ಜನ ಪತ್ರವನ್ನಲ್ಲ, ಆ ‘ಲೆಫ್ಟ್’ ಎಂಬುದನ್ನೇ ಓದುತ್ತಾರೆ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ಪ್ರತಿ ವರ್ಷ ಆಡಳಿತ ಸಮಿತಿಯ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತದೆ. ಮುಂದಿನ ಪಟ್ಟಿಯಲ್ಲಿ ಖಜಾಂಚಿಯ ಹೆಸರು ಬದಲಾಗಿದೆಯೇ ಎಂದು ಕಾರ್ಯದರ್ಶಿಯನ್ನು ಒಮ್ಮೆ ಕೇಳಿ, ಅದರ ಒಂದು ಪ್ರತಿಯನ್ನು ಸ್ವೀಕೃತಿ ಪತ್ರದ ಜೊತೆಗೇ ಇಟ್ಟುಕೊಳ್ಳಬೇಕು.