ಸೂಜಿ ಕಂಡರೆ ಬವಳಿ, ಕುರ್ಚಿ ಕಂಡರೆ ನಡುಕ

ಬೆಳಿಗ್ಗೆ ಏಳೂವರೆ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯವರು ಸಾಲಾಗಿ ಕೂತಿದ್ದಾರೆ. ಒಳಗಿನ ಹುಡುಗಿ ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈ ಮಡಿಕೆಯಲ್ಲಿ ಬೆರಳಾಡಿಸಿ, "ನರ ಸಿಗ್ತಿಲ್ಲ, ಮುಷ್ಟಿ ಬಿಗಿ ಮಾಡಿ" ಅನ್ನುತ್ತಾಳೆ. (ಅವಳು ಹುಡುಕುತ್ತಿರುವುದು ರಕ್ತನಾಳವನ್ನು. ಆದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ನರವೇ.) ಅಷ್ಟು ಹೊತ್ತಿಗೆ ನನಗೆ ಆಕಳಿಕೆ ಶುರುವಾಗಿರುತ್ತದೆ. ಅಂಗೈ ಬೆವರುತ್ತದೆ, ಕಿವಿ ಗುಂಯ್‌ಗುಡುತ್ತದೆ, ಟ್ಯೂಬ್‌ಲೈಟ್ ಮಂಕಾಗುತ್ತದೆ. ಮುಂದಿನದು ಗೊತ್ತಿಲ್ಲ. ಎಚ್ಚರವಾದಾಗ ನೆಲದ ಮೇಲಿರುತ್ತೇನೆ, ಯಾರೋ ಕೈಗೆ ಬೀಗದಕೈ ಗೊಂಚಲು ತುರುಕಿರುತ್ತಾರೆ.

ಹೀಗೆ ಮೂರು ಸಲ ಬಿದ್ದೆ. ನಾಲ್ಕನೆಯ ಸಲ ಹೋದಾಗ, ಚೀಟಿ ಕೊಡುವ ಮೊದಲೇ, "ಸೂಜಿ ಚುಚ್ಚಿದ್ರೆ ನಾನು ಬಿದ್ದುಬಿಡ್ತೀನಮ್ಮ" ಅಂದೆ. ಅವಳು ತಲೆ ಎತ್ತದೆ, "ಮೊದಲೇ ಹೇಳೋದಲ್ವಾ ಸಾರ್, ಒಳಗೆ ಮಂಚ ಇದೆ, ಮಲಗಿಕೊಂಡೇ ಕೊಡಿ" ಅಂದಳು. ಆ ಮಂಚ ಮೊದಲಿನಿಂದಲೂ ಅಲ್ಲಿತ್ತು.

ಹೇಳಿಕೊಳ್ಳಲು ಅಷ್ಟು ವರ್ಷ ಹಿಡಿದದ್ದು ನಾಚಿಕೆಯಿಂದ. ನಮ್ಮಲ್ಲಿ ಮಾತ್ರೆ ಬರೆದುಕೊಟ್ಟರೆ ಸಮಾಧಾನವಾಗದೆ, "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಎಂದು ಕೇಳಿ ಹಾಕಿಸಿಕೊಳ್ಳುವವರಿಗೆ ಕೊರತೆಯಿಲ್ಲ. ಅಂಥವರ ನಡುವೆ ಮೀಸೆ ಬಂದ ಗಂಡಸು ಸೂಜಿಗೆ ಹೆದರುತ್ತೇನೆ ಅನ್ನುವುದು ಹೇಗೆ? ಇತ್ತ ಊಟ ಮಾಡದ ಮಗುವಿಗೆ "ಡಾಕ್ಟರ್ ಹತ್ರ ಸೂಜಿ ಹಾಕಿಸ್ತೀನಿ ನೋಡು" ಎಂದು ಹೆದರಿಸಿ ಬೆಳೆಸುವವರೂ ನಾವೇ.

ಆದರೆ "ನನಗೆ ಭಯ" ಎಂದಷ್ಟೇ ಹೇಳಿದರೆ ಎದುರಿನವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಈ ಭಯದಲ್ಲಿ ಮುಖ್ಯವಾಗಿ ಎರಡು ಬಗೆಯಿವೆ. ಒಂದರಲ್ಲಿ ಮನುಷ್ಯ ಬೀಳುತ್ತಾನೆ, ಇನ್ನೊಂದರಲ್ಲಿ ಎದ್ದು ಓಡಬೇಕೆನಿಸುತ್ತದೆ. ಒಂದಕ್ಕೆ ಒಗ್ಗುವ ಉಪಾಯ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಮೊದಲು ಬೀಳುವವರ ವಿಷಯ. ಹಾವು ಕಂಡಾಗ, ಎತ್ತರದಿಂದ ಕೆಳಗೆ ನೋಡಿದಾಗ ಎದೆಬಡಿತ ಏರುತ್ತದೆ, ರಕ್ತದೊತ್ತಡವೂ ಏರುತ್ತದೆ. ಒತ್ತಡ ಏರಿದವರು ಸಾಮಾನ್ಯವಾಗಿ ಮೂರ್ಛೆ ಹೋಗುವುದಿಲ್ಲ. ರಕ್ತ, ಗಾಯ, ಸೂಜಿಯ ಭಯ ಮಾತ್ರ ಬೇರೆ ಜಾತಿಯದು. ಇಲ್ಲೂ ಮೊದಲು ಬಡಿತ ಏರುತ್ತದೆ. ಆಮೇಲೆ ವೇಗಸ್ ಎಂಬ ನರದ ಮೂಲಕ (ಇದು ನಿಜವಾದ ನರ) ಹೃದಯಕ್ಕೆ ನಿಧಾನವಾಗು ಎಂಬ ಸಂಕೇತ ಹೋಗುತ್ತದೆ, ಜೊತೆಗೇ ರಕ್ತನಾಳಗಳು ಸಡಿಲವಾಗುತ್ತವೆ. ಕೂತವನ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ, ಮಿದುಳಿಗೆ ಸಾಲದಾಗುತ್ತದೆ. ಆಕಳಿಕೆ, ತಣ್ಣನೆಯ ಬೆವರು, ಕಣ್ಣುಗತ್ತಲೆ ಎಲ್ಲ ಆ ಇಳಿತದ ಮುನ್ಸೂಚನೆಗಳು. ಇದು ವಂಶದಲ್ಲಿ ಹರಿದುಬರುವುದೂ ಹೆಚ್ಚು. ನಮ್ಮಪ್ಪ ಕೋಳಿ ಕುಯ್ಯುವ ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಅದನ್ನು ಅವರ ದಯೆ ಎಂದುಕೊಂಡಿದ್ದೆವು.

ಮಲಗಿದರೆ ತಲೆ ಮತ್ತು ಹೃದಯ ಒಂದೇ ಮಟ್ಟಕ್ಕೆ ಬರುತ್ತವೆ. ರಕ್ತ ಕಾಲಿಗೆ ಇಳಿಯುವ ಪ್ರಮೇಯವೇ ಇರುವುದಿಲ್ಲ. ಮಂಚದ ಗುಟ್ಟು ಇಷ್ಟೇ. ಬಿದ್ದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಆತುಕೊಳ್ಳುವ ನಮ್ಮ ಅಭ್ಯಾಸ ಇದಕ್ಕೆ ತದ್ವಿರುದ್ಧ. ಕೂರಿಸಿದರೆ ಮಿದುಳಿಗೆ ರಕ್ತ ಹೋಗುವುದು ಇನ್ನಷ್ಟು ತಡವಾಗುತ್ತದೆ, ಕೈಕಾಲು ಒಂದೆರಡು ಸಲ ಅದುರಲೂಬಹುದು. ಅದನ್ನು ನೋಡಿದವರು "ಫಿಟ್ಸ್ ಬಂತು" ಅನ್ನುತ್ತಾರೆ, ಬೀಗದಕೈ ಬರುತ್ತದೆ. ಅಂಗಾತ ಮಲಗಿಸಿ ಕಾಲು ಸ್ವಲ್ಪ ಎತ್ತಿ ಹಿಡಿದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಪ್ರಜ್ಞೆ ಮರಳುತ್ತದೆ. ಆಮೇಲೆ ತಕ್ಷಣ ಎದ್ದು ನಿಲ್ಲಬಾರದು, ಎರಡನೆಯ ಸಲ ಬೀಳುವುದು ಆಗಲೇ. ಆದರೆ ಸೂಜಿಯ ಗೊಡವೆಯೇ ಇಲ್ಲದೆ, ಓಡುವಾಗಲೋ ಮಲಗಿದ್ದಾಗಲೋ ಪ್ರಜ್ಞೆ ತಪ್ಪಿದರೆ ಅದು ಈ ಕಥೆಯಲ್ಲ. ಅದಕ್ಕೆ ಹೃದಯದ ತಪಾಸಣೆ ಬೇಕು.

ಮಂಚವಿಲ್ಲದ ಕಡೆಗೆ ಒಂದು ಉಪಾಯವಿದೆ. ಅದನ್ನು ಒಂದು ಚಿಕಿತ್ಸಾಕ್ರಮವಾಗಿ 1987ರಲ್ಲಿ ವಿವರಿಸಿದವರು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರನ್ ಓಸ್ಟ್ ಮತ್ತು ಅವರ ಸಹೋದ್ಯೋಗಿ ಸ್ಟರ್ನರ್. ಭಯಪಟ್ಟವರಿಗೆ ನಾವೆಲ್ಲ "ಮೈ ಸಡಿಲ ಬಿಡಿ" ಅನ್ನುತ್ತೇವಲ್ಲ, ಇವರು ಹೇಳಿದ್ದು ಅದರ ಉಲ್ಟಾ: ಮೈ ಬಿಗಿಹಿಡಿಯಿರಿ. ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನೆಲ್ಲ ಒಟ್ಟಿಗೆ ಬಿಗಿಮಾಡಿ ಹತ್ತು ಹದಿನೈದು ಸೆಕೆಂಡ್ ಹಿಡಿಯಬೇಕು, ಮುಖ ಬೆಚ್ಚಗಾದ ಹಾಗೆ ಅನ್ನಿಸುವವರೆಗೆ. ಆಮೇಲೆ ಇಪ್ಪತ್ತು ಮೂವತ್ತು ಸೆಕೆಂಡ್ ಬಿಗಿ ಬಿಡಬೇಕು, ಆದರೆ ಪೂರ್ತಿ ಜೋಲುಬೀಳಬಾರದು, ಮೊದಲಿದ್ದ ಸ್ಥಿತಿಗೆ ಬಂದರೆ ಸಾಕು. ಹೀಗೆ ಐದು ಸಲ. ಬಿಗಿಯಾದ ಸ್ನಾಯುಗಳು ರಕ್ತವನ್ನು ಹೃದಯದ ಕಡೆ ಹಿಂಡುತ್ತವೆ, ಇಳಿಯುತ್ತಿದ್ದ ಒತ್ತಡ ಏರುತ್ತದೆ. ಉಸಿರು ಕಟ್ಟಬಾರದು. ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡಬೇಕು, ಇಲ್ಲವಾದರೆ ನೋವು ಹೆಚ್ಚುತ್ತದೆ. ಲ್ಯಾಬಿನಲ್ಲಿ ಕೂತು ಮೊದಲ ಸಲ ಮಾಡಹೊರಟರೆ ಎಡವಟ್ಟಾಗುತ್ತದೆ, ಒಂದು ವಾರ ಮೊದಲಿನಿಂದ ಮನೆಯಲ್ಲಿ ದಿನವೂ ಮಾಡಿ ರೂಢಿಯಾಗಿರಬೇಕು. ಬಿ.ಪಿ. ಹೆಚ್ಚಿರುವವರು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮಾಡಬೇಕು. ಖಾಲಿ ಹೊಟ್ಟೆಯ ಪರೀಕ್ಷೆಗೆ ಹೋಗುವವರು ನೀರೂ ಕುಡಿಯದೆ ಹೋಗುವುದುಂಟು. ಸಾಮಾನ್ಯವಾಗಿ ಬರೀ ನೀರಿಗೆ ಅಡ್ಡಿಯಿಲ್ಲ, ಕುಡಿದು ಹೋದರೆ ಬೀಳುವ ಸಾಧ್ಯತೆಯೂ ಕಡಿಮೆ.

ಇನ್ನು ಓಡುವವರು. ಇವರ ಭಯ ಬಹಳ ಸಲ ಹಲ್ಲಿನ ಕುರ್ಚಿಯಲ್ಲಿ ಕಾಣಿಸುತ್ತದೆ, ಅದರ ಹಿಂದೆ ಸಾಮಾನ್ಯವಾಗಿ ಒಂದು ಹಳೆಯ ನೋವು ಇರುತ್ತದೆ. ನನಗೆ ಗೊತ್ತಿರುವ ಒಬ್ಬ ಶಾಲಾ ಮೇಡಂ ಹನ್ನೊಂದು ವರ್ಷ ದಂತವೈದ್ಯರ ಕಡೆ ತಲೆಹಾಕಿರಲಿಲ್ಲ. ಎಂಟನೇ ವಯಸ್ಸಿನಲ್ಲಿ ಇಬ್ಬರು ಹಿಡಿದುಕೊಂಡು ಹಲ್ಲು ಕಿತ್ತಿದ್ದರಂತೆ. ದೊಡ್ಡವರಾದ ಮೇಲೆ ಒಮ್ಮೆ ಧೈರ್ಯಮಾಡಿ ಹೋದಾಗ ಇಂಜೆಕ್ಷನ್ ಕೊಟ್ಟ ಕೂಡಲೇ ಎದೆ ಡವಡವಗುಟ್ಟಿ ಎದ್ದುಬಂದಿದ್ದರು. ಆ ಮೇಲೆ ಎಲ್ಲೆಲ್ಲೂ "ನನಗೆ ಹಲ್ಲಿನ ಇಂಜೆಕ್ಷನ್ ಅಲರ್ಜಿ" ಎಂದು ಬರೆಸುತ್ತಿದ್ದರು. ಈಗ ಕೆಳಗಿನ ದವಡೆ ಹಲ್ಲು ಹುಳುಕು ತುಂಬಿ, ರಾತ್ರಿ ನಿದ್ದೆಯಿಲ್ಲದೆ ರೂಟ್ ಕೆನಾಲಿಗೆ ಬಂದಿದ್ದರು. ಜೊತೆಗೆ ನಾನಿದ್ದೆ.

ಡಾಕ್ಟರ್ ಕುರ್ಚಿಯನ್ನು ಮಲಗಿಸಲಿಲ್ಲ. ಕೂರಿಸಿಕೊಂಡೇ ಕೇಳಿದರು: "ಆಗ ಮೈಮೇಲೆ ದದ್ದು ಎದ್ದಿತ್ತಾ ಮೇಡಂ? ತುಟಿ, ಕಣ್ಣು ಊದಿತ್ತಾ? ಉಸಿರಾಡೋಕೆ ಕಷ್ಟ ಆಯ್ತಾ?"

"ಇಲ್ಲ ಸಾರ್. ಎದೆ ಹೊಡ್ಕೊಂತು, ಕೈ ನಡುಗ್ತು. ಸತ್ತೇಹೋದೆ ಅನ್ನಿಸ್ತು."

ಹಲ್ಲಿಗೆ ಕೊಡುವ ಲಿಗ್ನೋಕೇನ್ ಔಷಧದಲ್ಲಿ ಸಾಮಾನ್ಯವಾಗಿ ತುಸು ಅಡ್ರಿನಲಿನ್ ಬೆರೆತಿರುತ್ತದೆ. ಅದು ಅಲ್ಲಿನ ರಕ್ತನಾಳಗಳನ್ನು ಕುಗ್ಗಿಸಿ ಔಷಧ ಬೇಗ ಹರಿದುಹೋಗದಂತೆ ತಡೆಯುತ್ತದೆ. ಅದೇ ಅಡ್ರಿನಲಿನ್ ಒಂದಿಷ್ಟು ರಕ್ತ ಸೇರಿದರೆ ಕೆಲವು ನಿಮಿಷ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ. ಮೊದಲೇ ಹೆದರಿದವರ ಮೈಯಲ್ಲಿ ಸ್ವಂತದ್ದೂ ಹರಿಯುತ್ತಿರುತ್ತದೆ. ಮೇಡಂ ಅವರಿಗೆ ಆಗಿದ್ದು ಹೆಚ್ಚುಕಡಿಮೆ ಅದೇ. ಅಲರ್ಜಿ ಎಂಬ ಒಂದು ಪದ ಅಷ್ಟು ವರ್ಷ ಅವರಿಗೆ ಮರಗಟ್ಟಿಸುವ ದಾರಿಯನ್ನೇ ಮುಚ್ಚಿತ್ತು. ಹಾಗಾಗಿ ಏನಾಯಿತೆಂದು ಹೇಳುವಾಗ ನಾವೇ ಕಟ್ಟಿದ ಹೆಸರಿಗಿಂತ ಮೈಗೆ ಆದದ್ದನ್ನು ಆದ ಹಾಗೇ ಹೇಳುವುದು ಲೇಸು. ನಿಜವಾದ ಅಲರ್ಜಿ ಅಪರೂಪವಾದರೂ ಇದೆ. ಅದು ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ.

ಮೇಡಂ ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡು ಬಂದಿದ್ದರು, ಕುರ್ಚಿ ಏರಿದರೆ ಮಾತು ಹೊರಡುವುದಿಲ್ಲ ಎಂದು ಅವರಿಗೇ ಗೊತ್ತಿತ್ತು. ಚಿಕ್ಕಂದಿನಲ್ಲಿ ಹಿಡಿದು ಕಿತ್ತಿದ್ದಾರೆ. ಸೂಜಿಗಿಂತ, ನಿಲ್ಲಿಸಿ ಅಂದರೂ ನಿಲ್ಲಿಸುವುದಿಲ್ಲ ಎಂಬುದು ದೊಡ್ಡ ಭಯ. ಏನು ಮಾಡುತ್ತೀರೋ ಮೊದಲೇ ಹೇಳಿ. ಇಷ್ಟೇ. ಅವರಿಗೆ ಮಲಗಿಸುವ ಮಂಚದಿಂದ ಉಪಯೋಗವಿರಲಿಲ್ಲ, ಲಗಾಮು ಕೈಯಲ್ಲಿ ಇರಬೇಕಿತ್ತು. ಡಾಕ್ಟರ್, "ಎಡಗೈ ಎತ್ತಿ, ನಾನು ನಿಲ್ಲಿಸ್ತೀನಿ" ಅಂದರು. ಮೊದಲ ಸಲ ಮೇಡಂ ಕೈ ಎತ್ತಿದ್ದು ನೋವಿಗಲ್ಲ, ಇವರು ನಿಜವಾಗಿ ನಿಲ್ಲಿಸುತ್ತಾರಾ ನೋಡೋಣ ಎಂದು. ನಿಲ್ಲಿಸಿದರು.

ವಸಡನ್ನು ಒರೆಸಿ ಒಣಗಿಸಿ ಮರಗಟ್ಟಿಸುವ ಜೆಲ್ ಹಚ್ಚಿ ಎರಡು ನಿಮಿಷ ಕಾದರು. ಆಮೇಲೆ ಸೂಜಿ, ಔಷಧವನ್ನು ತೀರಾ ನಿಧಾನವಾಗಿ ಬಿಟ್ಟರು. ಒಂದು ಮಿಲಿಲೀಟರಿಗೆ ಒಂದು ನಿಮಿಷ ಎಂಬ ಲೆಕ್ಕ. ಸರ್ರೆಂದು ನೂಕಿದಾಗ ಉರಿಯುವುದು ಬಹುಪಾಲು ಔಷಧದ ಒತ್ತಡದಿಂದ, ಸೂಜಿಯ ಮೊನೆಯಿಂದ ಅಲ್ಲ. "ಈಗ ಎದೆ ಸ್ವಲ್ಪ ಹೊಡ್ಕೋಬಹುದು, ಎರಡು ಮೂರು ನಿಮಿಷಕ್ಕೆ ಇಳಿಯುತ್ತೆ" ಎಂದು ಮೊದಲೇ ಹೇಳಿದರು. ಹೊಡೆದುಕೊಂಡಿತು, ಇಳಿಯಿತು.

ಕೆಳ ದವಡೆ ಮರಗಟ್ಟಿದ್ದಕ್ಕೆ ಗುರುತು ತುಟಿ: ಆ ಬದಿಯ ಅರ್ಧ ತುಟಿ ದಪ್ಪವಾದ ಹಾಗೆ ಅನ್ನಿಸಬೇಕು. ಮೇಡಂಗೆ ಅನ್ನಿಸಿತು. ಆದರೂ ಹಲ್ಲಿಗೆ ತಣ್ಣಗಿನ ಹತ್ತಿ ಮುಟ್ಟಿಸಿದಾಗ ಎಡಗೈ ಮೇಲೇರಿತು. ಹಲ್ಲಿನ ತಿರುಳು ಜೋರಾಗಿ ಉರಿಯೂತಗೊಂಡಿದ್ದರೆ ಹೀಗಾಗುತ್ತದೆ. ಉರಿಯೂತಗೊಂಡ ನರಗಳು ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಅದು ಒಂದು ಕಾರಣ. ಎಷ್ಟೋ ಜನ ಇಲ್ಲಿ ಹಲ್ಲು ಕಚ್ಚಿ, ಅಲ್ಲ, ಬಾಯಿ ತೆರೆದುಕೊಂಡೇ ಸಹಿಸುತ್ತಾರೆ, ಇಂಜೆಕ್ಷನ್ ಆಯಿತಲ್ಲ, ಇನ್ನು ನೋವು ತನ್ನ ಕಲ್ಪನೆಯೇ ಇರಬೇಕು ಎಂದು. ಕಲ್ಪನೆಯಲ್ಲ. ಒತ್ತಿದ್ದು, ಅದುರಿದ್ದು ಗೊತ್ತಾಗುವುದು ಸಹಜ. ಚುಚ್ಚಿದ ಹಾಗೆ ನೋವಾದರೆ ಮರಗಟ್ಟಿಲ್ಲ ಎಂದೇ ಅರ್ಥ. ಡಾಕ್ಟರ್ ಹಲ್ಲಿನ ಪಕ್ಕದಲ್ಲಿ ಇನ್ನೊಂದು ಇಂಜೆಕ್ಷನ್ ಕೊಟ್ಟು, ಕಾದು, ಮತ್ತೆ ಹತ್ತಿ ಮುಟ್ಟಿಸಿದರು. ಎಡಗೈ ಮಡಿಲಲ್ಲೇ ಇತ್ತು.

ಎಲ್ಲರಿಗೂ ಇಷ್ಟರಲ್ಲೇ ಮುಗಿಯುವುದಿಲ್ಲ. ಬಾಗಿಲು ದಾಟಲೂ ಆಗದವರಿಗೆ ನಿದ್ದೆಮಂಪರಿನ ಔಷಧ ಕೊಟ್ಟು ಮಾಡುವ ಆಸ್ಪತ್ರೆಗಳಿವೆ, ಭಯವನ್ನೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಮನಶ್ಶಾಸ್ತ್ರಜ್ಞರಿದ್ದಾರೆ. ಮಕ್ಕಳ ರಕ್ತ ತೆಗೆಸುವುದಿದ್ದರೆ ಲಿಗ್ನೋಕೇನ್ ಮತ್ತು ಪ್ರಿಲೋಕೇನ್ ಸೇರಿದ ಮುಲಾಮನ್ನು ವೈದ್ಯರನ್ನು ಕೇಳಿ ಮೊಣಕೈ ಮಡಿಕೆಗೆ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಬಹುದು. ಅದಕ್ಕೆ ಒಂದು ಗಂಟೆಯಾದರೂ ಬೇಕು. ಲ್ಯಾಬಿಗೆ ಬಂದ ಮೇಲೆ ಕೇಳಿದರೆ ಹೊತ್ತು ಮೀರಿರುತ್ತದೆ, ಹಿಂದಿನ ದಿನ ಫೋನು ಮಾಡಿಯೇ ಹೇಳಬೇಕು.

ಮೇಡಂ ಎರಡನೆಯ ಭೇಟಿಗೆ ಒಬ್ಬರೇ ಹೋದರು. ಅಂದು ಬೇರೆ ಡಾಕ್ಟರ್ ಇದ್ದರಂತೆ. ಅವರು ಫೈಲು ತೆರೆದವರೇ, "ಎಡಗೈ ಅಲ್ವಾ ಮೇಡಂ?" ಅಂದರಂತೆ. ಮೊದಲ ಪುಟದಲ್ಲಿ ಅಲರ್ಜಿ ಎಂಬ ಪದವನ್ನು ಹೊಡೆದುಹಾಕಿ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎಡಗೈ ವಿಷಯ ಬರೆದಿತ್ತು.