ಶುಭಾಶಯಪತ್ರದ ಅನುವಾದದಲ್ಲಿ ತಿಥಿಯಿಂದ ತಾರೀಖು

ದೀಪಾವಳಿಯ ಶುಭಾಶಯಪತ್ರವೊಂದನ್ನು ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸಬೇಕಾಗಿದೆಯೆಂದು ಭಾವಿಸೋಣ. ಅದರಲ್ಲಿ ‘ಕ್ರೋಧಿ ಸಂವತ್ಸರದ ಆಶ್ವಯುಜ ಬಹುಳ ಅಮಾವಾಸ್ಯೆಯ ಸಂಜೆ ತಮ್ಮ ಮನೆಯಲ್ಲಿ ಲಕ್ಷ್ಮಿಯು ನೆಲಸಲಿ’ ಎಂದಿದೆ, ತಾರೀಖಿಲ್ಲ. ಇದನ್ನು ಓದುವ ಪರಭಾಷಿಕನಿಗೆ ದಿನವನ್ನು ತಿಳಿಸುವ ಬಗೆ ಯಾವುದೆಂಬುದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಮೊದಲನೆಯದು ವರ್ಷ. ಸಂವತ್ಸರಗಳ ಚಕ್ರವು ಅರವತ್ತು ವರ್ಷಗಳದಾದುದರಿಂದ ಕ್ರೋಧಿಯು 1964ರಲ್ಲಿಯೂ 2024ರಲ್ಲಿಯೂ ಬಂದಿತು. ಪತ್ರದಲ್ಲಿ ಶಕವರ್ಷ 1946 ಎಂದೂ ಇದ್ದರೆ ಸಂದೇಹವು ಪರಿಹಾರವಾಗುತ್ತದೆ. ಯುಗಾದಿಯಿಂದ ಡಿಸೆಂಬರ್ ಕೊನೆಯವರೆಗೆ ಶಕಕ್ಕೆ 78ನ್ನೂ, ಜನವರಿಯಿಂದ ಮುಂದಿನ ಯುಗಾದಿಯವರೆಗೆ 79ನ್ನೂ ಕೂಡಿಸಬೇಕು. ಆಶ್ವಯುಜವು ಮೊದಲ ಭಾಗಕ್ಕೆ ಸೇರಿದುದು. ಆದುದರಿಂದ ವರ್ಷವು 2024.

ಎರಡನೆಯದು ಮಾಸ. ನಮ್ಮ ಮಾಸವು ಅಮಾವಾಸ್ಯೆಗೆ ಮುಗಿಯುತ್ತದೆ. 2024ರ ಅಕ್ಟೋಬರ್ 17ರಂದು ತುಲಾ ಸಂಕ್ರಮಣವಾಯಿತು. ಈ ಸಂಕ್ರಮಣವನ್ನು ಒಳಗೊಂಡ ಚಾಂದ್ರಮಾಸವೇ ಆಶ್ವಯುಜ. ಅದು ಅಕ್ಟೋಬರ್ 3ರಂದು ಮೊದಲಾಗಿ ನವೆಂಬರ್ 1ರಂದು ಮುಗಿಯಿತು. ಇದೇ ಪತ್ರವನ್ನು ಹಿಂದಿಗೆ ಅನುವಾದಿಸುವವರು ಆಶ್ವಯುಜವನ್ನು ಹಾಗೆಯೇ ಉಳಿಸಿದರೆ ತಪ್ಪಾಗುತ್ತದೆ. ಉತ್ತರದೇಶದಲ್ಲಿ ಮಾಸವು ಹುಣ್ಣಿಮೆಗೆ ಮುಗಿಯುವುದರಿಂದ ನಮ್ಮ ಆಶ್ವಯುಜದ ಬಹುಳಪಕ್ಷವು ಅವರಿಗೆ ಕಾರ್ತಿಕದ ಕೃಷ್ಣಪಕ್ಷ. ಶುದ್ಧಪಕ್ಷದ ಹಬ್ಬಗಳಲ್ಲಿ ಈ ಭೇದವಿಲ್ಲ. ಅಲ್ಲಿ ಎರಡು ಕಡೆಯೂ ಮಾಸದ ಹೆಸರು ಒಂದೇ.

ಮೂರನೆಯದಾದ ತಿಥಿಯೇ ಕ್ಲಿಷ್ಟವಾದುದು. ತಿಥಿಯು ಮಧ್ಯರಾತ್ರಿಯಲ್ಲಿ ಬದಲಾಗುವುದಿಲ್ಲ. ಸಾಮಾನ್ಯವಾಗಿ ಸೂರ್ಯೋದಯದಲ್ಲಿರುವ ತಿಥಿಯೇ ಆ ದಿನದ ತಿಥಿ. ಆದರೆ ಲಕ್ಷ್ಮೀಪೂಜೆಗೆ ಸೂರ್ಯಾಸ್ತದ ಅನಂತರದ ಅಮಾವಾಸ್ಯೆಯು ಮುಖ್ಯ. ದೃಗ್ಗಣಿತದಂತೆ ಆ ಅಮಾವಾಸ್ಯೆಯು ಅಕ್ಟೋಬರ್ 31, ಗುರುವಾರ ಮಧ್ಯಾಹ್ನ ನಾಲ್ಕು ಗಂಟೆಯ ಸುಮಾರಿಗೆ ಮೊದಲಾಗಿ, ಶುಕ್ರವಾರ ಸಂಜೆ 6 ಗಂಟೆ 17 ನಿಮಿಷಕ್ಕೆ ಮುಗಿಯಿತು. ಬೆಂಗಳೂರಿನಲ್ಲಿ ಅಂದು ಸೂರ್ಯನು ಆರಕ್ಕೆ ಕೆಲವು ನಿಮಿಷ ಮೊದಲೇ ಅಸ್ತನಾದನು. ಹೀಗೆ ಎರಡು ಸಂಜೆಗಳಲ್ಲಿಯೂ ಅಮಾವಾಸ್ಯೆಯಿದ್ದುದರಿಂದ ಪಂಚಾಂಗಕಾರರಲ್ಲಿ ಕೆಲವರು ಗುರುವಾರವನ್ನೂ ಕೆಲವರು ಶುಕ್ರವಾರವನ್ನೂ ಹೇಳಿದರು.

ಪತ್ರವು ನ್ಯೂಯಾರ್ಕಿನ ಬಂಧುಗಳಿಗೆ ಹೋಗುವುದಾದರೆ ಉತ್ತರವು ಬೇರೆ. ಅಮಾವಾಸ್ಯೆಯು ಮುಗಿದ ಅದೇ ಕ್ಷಣವು ಅಲ್ಲಿ ಶುಕ್ರವಾರ ಬೆಳಿಗ್ಗೆ 8 ಗಂಟೆ 47 ನಿಮಿಷ. ಆದುದರಿಂದ ಅಲ್ಲಿಯ ಅಮಾವಾಸ್ಯೆಯ ಸಂಜೆಯು ಗುರುವಾರವೊಂದೇ.

ಪತ್ರದಲ್ಲಿ ವಾರದ ಹೆಸರಿದ್ದರೆ ಅದು ಒಳ್ಳೆಯ ಒರೆಗಲ್ಲು. ‘ಶುಕ್ರವಾರ’ ಎಂದಿದ್ದರೆ ನವೆಂಬರ್ 1 ಎಂದು ನಿಶ್ಚಯಿಸಬಹುದು. ಲೆಕ್ಕದ ವಾರವು ಪತ್ರದ ವಾರಕ್ಕೆ ಹೊಂದದಿದ್ದರೆ ವರ್ಷವನ್ನೋ ಪಂಚಾಂಗವನ್ನೋ ಮತ್ತೆ ನೋಡಬೇಕು. ವಾರವೂ ಇಲ್ಲದಾಗ ಬರೆದವರು ಯಾವ ಊರಿನಲ್ಲಿ ಯಾವ ಪಂಚಾಂಗವನ್ನು ಅನುಸರಿಸುವವರೆಂದು ವಿಚಾರಿಸಬೇಕು. ಅದೂ ತಿಳಿಯದಿದ್ದರೆ, ಹಾರೈಕೆಯ ವಾಕ್ಯದಲ್ಲಿ ತಿಥಿಯನ್ನೇ ಉಳಿಸಿ ‘ಅಕ್ಟೋಬರ್ 31 ಅಥವಾ ನವೆಂಬರ್ 1’ ಎಂದು ಅಡಿಯಲ್ಲಿ ಸೂಚಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಬರೆದವರು ನಿಶ್ಚಯಿಸದ ದಿನವನ್ನು ಅನುವಾದಕನು ಅವರ ಬಾಯಲ್ಲಿ ಹೇಳಿಸಬಾರದು.