ಸಂದಿನೊಳಗೆ ಏನು ಹೊಕ್ಕಿತು?

ತ್ರೀಡಿ ಪ್ರಿಂಟರಿನ ತಟ್ಟೆಯಿಂದ ಎತ್ತಿದ ಕೂಡಲೇ ಬಾಲ ಆಡಿಸುವ ಪ್ಲಾಸ್ಟಿಕ್ ಹಲ್ಲಿಯನ್ನು ಈಗ ಹಲವರು ನೋಡಿದ್ದಾರೆ. ಅದರಲ್ಲಿ ಸ್ಕ್ರೂ ಇಲ್ಲ, ಪಿನ್ನು ತೂರಿಸಿದ್ದಿಲ್ಲ, ಯಾರೂ ಬಿಡಿಭಾಗ ಜೋಡಿಸಿಲ್ಲ. ಒಂದು ಕೀಲಿನ ಎರಡು ಭಾಗಗಳೂ ಒಂದರೊಳಗೊಂದು ಸಿಕ್ಕಿಕೊಂಡೇ, ಪದರದ ಮೇಲೆ ಪದರವಾಗಿ ಹುಟ್ಟಿವೆ. ಅವೆರಡರ ನಡುವೆ ಬಿಟ್ಟ ಖಾಲಿ ಜಾಗ ಕಾಲು ಮಿಲಿಮೀಟರಿನ ಆಸುಪಾಸು. ಅಷ್ಟು ಕಿರಿದಾದ ಸಂದು ಬಿಸಿ ಪ್ಲಾಸ್ಟಿಕ್ಕಿನ ನಡುವೆ ಮುಚ್ಚಿಹೋಗದೆ ಉಳಿಯುವಂತೆ ಮಾಡಲು ಕಲಿತ ಕತೆ ಸುಮಾರು ಕಾಲು ಶತಮಾನದ್ದು.

ಶುರುವಾದದ್ದು ಆಟಿಕೆಗಾಗಿ ಅಲ್ಲ, ರೋಬಾಟಿಗಾಗಿ. ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಕಾನ್‌ಸ್ಟಾಂಟಿನೋಸ್ ಮಾವ್ರೋಯ್ಡಿಸ್ ಮತ್ತು ಅವರ ವಿದ್ಯಾರ್ಥಿಗಳು ಜೋಡಣೆಯೇ ಬೇಡದ ಕೀಲುಗಳನ್ನು ಅಚ್ಚು ಹಾಕಲು ಹೊರಟರು. ಬಾಗಿಲ ಕೀಲಿನಂಥದ್ದು, ಗುಂಡು-ಗೂಡಿನಂಥದ್ದು, ಜಾರುವಂಥದ್ದು, ಹೀಗೆ ಒಂದೊಂದನ್ನೇ ಮಾಡಿ, ಆಮೇಲೆ ಅವನ್ನು ಸೇರಿಸಿ ರೋಬಾಟ್ ಕೈಯನ್ನೂ ಮಾಡಿದರು. 2001ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ವಿನ್ಯಾಸ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅವರು ಬಳಸಿದ್ದು ಎರಡು ಬಗೆಯ ಯಂತ್ರ. ಒಂದು ದ್ರವ ರಾಳವನ್ನು ಲೇಸರಿನಿಂದ ಗಟ್ಟಿಮಾಡುವಂಥದ್ದು, ಇನ್ನೊಂದು ಪ್ಲಾಸ್ಟಿಕ್ ಪುಡಿಯನ್ನು ಲೇಸರಿನಿಂದ ಬೆಸೆಯುವಂಥದ್ದು.

ಈ ಎರಡೂ ಯಂತ್ರಗಳಲ್ಲಿ ಸಂದು ಎಂದೂ ಖಾಲಿಯಾಗಿ ಹುಟ್ಟುವುದಿಲ್ಲ. ರಾಳದ ಯಂತ್ರದಲ್ಲಿ ಅದರ ತುಂಬ ಗಟ್ಟಿಯಾಗದ ರಾಳ, ಪುಡಿಯ ಯಂತ್ರದಲ್ಲಿ ಬೆಸೆಯದ ಪುಡಿ. ಒಂದು ರೀತಿಯಲ್ಲಿ ಅದು ಒಳ್ಳೆಯದೇ. ಪುಡಿಯ ಹಾಸಿಗೆಯಲ್ಲಿ ಪಿನ್ನು ಯಾವ ಆಧಾರವೂ ಇಲ್ಲದೆ ಮಲಗಿರಬಲ್ಲದು. ಆದರೆ ಕೆಲಸ ಮುಗಿದ ಮೇಲೆ ಆ ಪುಡಿ ಹೊರಬರಲೇಬೇಕು. ಲೇಸರ್ ಹಾದ ಜಾಗದ ಕಾವಿಗೆ ಪಕ್ಕದ ಪುಡಿಯೂ ಅರೆಬರೆ ಹೆಪ್ಪುಗಟ್ಟಿರುತ್ತದೆ. ಸಂದು ಕಿರಿದಾದರೆ ಅದನ್ನು ಊದಿ ತೆಗೆಯಲಾಗದು, ಅಗಲವಾದರೆ ಕೀಲು ಲೊಡಲೊಡ ಅನ್ನುತ್ತದೆ.

ಈ ಇಕ್ಕಟ್ಟಿಗೆ ಒಂದು ಜಾಣ ಉತ್ತರ 2011ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಯೊಂಗ್‌ಹುವಾ ಚೆನ್ ಅವರ ತಂಡದಿಂದ ಬಂತು. ಪಿನ್ನು ಉದ್ದಕ್ಕೂ ಒಂದೇ ದಪ್ಪ ಇರಬೇಕಾಗಿಲ್ಲ, ಮದ್ದಳೆಯ ಹಾಗೆ ನಡು ಉಬ್ಬಿಸಿ ತುದಿಗಳನ್ನು ಸಣ್ಣ ಮಾಡಬಹುದು ಎಂದು ಅವರು ತೋರಿಸಿದರು. ನಡುವಿನಲ್ಲಿ ಮಾತ್ರ ಬಿಗಿ ಸಂದು, ತುದಿಗಳತ್ತ ಅಗಲ ಸಂದು. ಪುಡಿ ಹೊರಬರಲು ದಾರಿ ಆಯಿತು, ಕೀಲಿನ ಅಲುಗಾಟವೂ ತಗ್ಗಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಹೆಜ್ಜೆ ಇದು. ಅಲ್ಲಿಯವರೆಗೆ ಸಂದು ಅಂದರೆ ಒಂದು ಅಂಕಿ, ಇಲ್ಲಿಂದ ಮುಂದೆ ಅದಕ್ಕೊಂದು ಆಕಾರ ಬಂತು.

ಮನೆಮನೆಗೆ ಬಂದ ಯಂತ್ರ ಮಾತ್ರ ಬೇರೆ ಜಾತಿಯದು. ಸ್ಕಾಟ್ ಕ್ರಂಪ್ 1989ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಗೆರೆ ಎಳೆಯುವ ವಿಧಾನ ಅದು. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ರೆಪ್‌ರ್‍ಯಾಪ್ ಯೋಜನೆ ಆರಂಭಿಸಿದರು, 2009ರಲ್ಲಿ ಪೇಟೆಂಟ್ ಮುಗಿಯಿತು, ಯಂತ್ರ ಅಗ್ಗವಾಯಿತು. ಇದರಲ್ಲಿ ಸಂದು ಹುಟ್ಟುವಾಗಲೇ ಖಾಲಿ, ಅದರೊಳಗೆ ಇರುವುದು ಬರೀ ಗಾಳಿ. ಹಾಗಾಗಿ ಪ್ರಶ್ನೆಯೇ ತಿರುಗಿಬಿತ್ತು. ಪುಡಿಯ ಯಂತ್ರದಲ್ಲಿ ಸಂದಿನಿಂದ ಏನು ಹೊರಬರಬೇಕು ಎಂದು ಯೋಚಿಸಿದರೆ, ಎಳೆಯ ಯಂತ್ರದಲ್ಲಿ ಅದರೊಳಗೆ ಏನು ಹೊಗಬಾರದು ಎಂದು ಯೋಚಿಸಬೇಕು.

2013ರಲ್ಲಿ ಎಮೆಟ್ ಲಾಲಿಶ್ ಹಂಚಿಕೊಂಡ ಗೇರ್ ಬೇರಿಂಗ್ ಈ ಯೋಚನೆಗೆ ಒಳ್ಳೆಯ ಮಾದರಿ. ಹೊರಗೊಂದು ಉಂಗುರ, ಒಳಗೆ ಐದು ಪುಟ್ಟ ಗೇರುಗಳು, ನಡುವೆ ಆರು ಮೂಲೆಯ ತೂತಿರುವ ಇನ್ನೊಂದು ಗೇರು. ಹಲ್ಲುಗಳು ಬಾಣದ ತುದಿಯ ಆಕಾರದಲ್ಲಿ ಓರೆಯಾಗಿರುವುದರಿಂದ ಯಾವ ಗೇರೂ ಮೇಲಕ್ಕೋ ಕೆಳಕ್ಕೋ ಜಾರಿ ಬೀಳದು, ಹಿಡಿದಿಡಲು ಮುಚ್ಚಳವೇ ಬೇಡ. ಎಲ್ಲ ಗೇರುಗಳೂ ತಟ್ಟೆಯ ಮೇಲೆ ನೆಟ್ಟಗೆ ನಿಂತು ಬೆಳೆಯುವುದರಿಂದ ಸಂದುಗಳೂ ನೆಟ್ಟಗಿರುತ್ತವೆ, ಗಾಳಿಯಲ್ಲಿ ಜೋತುಬಿದ್ದ ಗೆರೆ ಎಲ್ಲೂ ಇಲ್ಲ. ಆ ಫೈಲಿನಲ್ಲಿ ಸಂದಿನ ಅಳತೆ ಬಳಸುವವರೇ ಬದಲಿಸಬಹುದಾದ ಒಂದು ಸಾಲು:

```
tol=0.15;
```

ಸಿಕ್ಕಿಕೊಂಡರೆ ಹೆಚ್ಚಿಸಿ, ಸಡಿಲವಾದರೆ ಇಳಿಸಿ. ಪ್ರತಿ ಯಂತ್ರಕ್ಕೂ ಅದರದೇ ಅಳತೆ ಇದೆ ಎಂದು ಒಪ್ಪಿಕೊಂಡ ಸಾಲು ಅದು.

ಆದರೆ ಕೀಲು ತಟ್ಟೆಯ ಮೇಲೆ ಮಲಗಿದ್ದರೆ ಲೆಕ್ಕ ಬೇರೆ. ಡಬ್ಬಿಯ ಮುಚ್ಚಳಕ್ಕೆ ಹಾಕುವಂಥ ಒಂದು ಕೀಲನ್ನು ತೆಗೆದುಕೊಳ್ಳೋಣ. ತೂತಿನೊಳಗೆ ದುಂಡನೆಯ ಪಿನ್ನು ಅಡ್ಡವಾಗಿ ಮಲಗಿದೆ. ಅದರ ಅತಿ ಕೆಳಗಿನ ಗೆರೆಯನ್ನು ನಾಜಲ್ ಎಳೆಯುವಾಗ ಕೆಳಗೆ ಆಧಾರವಿಲ್ಲ. ಗೆರೆ ಜೋತು ತೂತಿನ ತಳಕ್ಕೆ ಅಂಟುತ್ತದೆ, ಕೀಲು ಅಲ್ಲೇ ಮುಗಿಯಿತು. ಅದಕ್ಕಾಗಿಯೇ ಅನುಭವಿಗಳು ದುಂಡು ಪಿನ್ನಿನ ಬದಲು 45 ಡಿಗ್ರಿಯ ಶಂಕು ಇಡುತ್ತಾರೆ. ಒಂದು ತೋಳಿನ ಗೋಡೆಯಿಂದ ಶಂಕು ಹೊರಚಾಚುತ್ತದೆ, ಎದುರಿನ ತೋಳಿನಲ್ಲಿ ಅದಕ್ಕೆ ತಕ್ಕ ಗುಳಿ. ಶಂಕುವಿನ ಪ್ರತಿ ಪದರವೂ ಗೋಡೆಯನ್ನು ಆಧರಿಸಿ ಸ್ವಲ್ಪಸ್ವಲ್ಪವೇ ಮುಂದೆ ಬರುವುದರಿಂದ ಜೋಲುವುದಿಲ್ಲ.

ಇಲ್ಲೊಂದು ಅಳತೆಯ ಸೂಕ್ಷ್ಮವಿದೆ. ಎರಡು ತೋಳುಗಳನ್ನು ಪರಸ್ಪರ 0.4 ಮಿಲಿಮೀಟರ್ ದೂರ ಸರಿಸಿದರೆ ಸಂದು 0.4 ಆಯಿತು ಎಂದು ತೋರುತ್ತದೆ. ಶಂಕುವಿನ ಮೈ ಓರೆಯಾಗಿರುವುದರಿಂದ ಮೈಯಿಂದ ಮೈಗೆ ನಿಜವಾಗಿ ಸಿಗುವುದು 0.28 ಮಾತ್ರ. ಕೆಳಮುಖದಲ್ಲಿ ಮತ್ತೊಂದು ತಾಪತ್ರಯ: 0.2 ಮಿಲಿಮೀಟರಿನ ಪದರಗಳಲ್ಲಿ ಅಚ್ಚು ಹಾಕುವಾಗ ಮಟ್ಟಸವಾದ ನೆಲದ ಮೇಲೆ 0.3ರ ಸಂದು ಬಿಡಲು ಯಂತ್ರಕ್ಕೆ ಆಗುವುದೇ ಇಲ್ಲ. ಒಂದು ಪದರ ಬಿಡಬೇಕು ಇಲ್ಲವೇ ಎರಡು, ಅಂದರೆ 0.2 ಅಥವಾ 0.4. ಹಾಗಾಗಿ ಪಕ್ಕದ ಸಂದಿಗೂ ಮೇಲು-ಕೆಳಗಿನ ಸಂದಿಗೂ ಒಂದೇ ಅಂಕಿ ಕೊಡುವುದು ಸರಿಯಲ್ಲ, ಎರಡನೆಯದನ್ನು ಪದರದ ಲೆಕ್ಕದಲ್ಲೇ ಇಡಬೇಕು.

ಚಿತ್ರ ಬರೆಯುವ ತಂತ್ರಾಂಶವೂ ಸಂದನ್ನು ಸದ್ದಿಲ್ಲದೆ ತಿನ್ನಬಲ್ಲದು. OpenSCADನಲ್ಲಿ ಏನೂ ಹೇಳದೆ 5 ಮಿಲಿಮೀಟರ್ ತ್ರಿಜ್ಯದ ತೂತು ಬರೆದರೆ ಅದು ವೃತ್ತವಲ್ಲ, 16 ಬದಿಗಳ ಬಹುಭುಜ. ಬದಿಯ ನಡುಭಾಗ ನಿಜವಾದ ವೃತ್ತಕ್ಕಿಂತ ಸುಮಾರು 0.1 ಮಿಲಿಮೀಟರ್ ಒಳಗೆ ಬರುತ್ತದೆ. 0.3ರ ಸಂದಿನಲ್ಲಿ ಮೂರನೇ ಒಂದು ಪಾಲು ಅಲ್ಲೇ ಹೋಯಿತು. `$fn=96` ಎಂದು ಸೇರಿಸಿದರೆ ಈ ನಷ್ಟ ಲೆಕ್ಕಕ್ಕೇ ಬಾರದಷ್ಟು ಇಳಿಯುತ್ತದೆ.

ಇಷ್ಟೆಲ್ಲ ಸರಿ ಇಟ್ಟರೂ ಮುಂಬೈಯಲ್ಲಿ ಇನ್ನೊಂದು ಸಂಗತಿ ಎದುರಾಗುತ್ತದೆ. ಡೊಂಬಿವಲಿಯಲ್ಲಿ ಮನೆಯಲ್ಲೇ ಯಂತ್ರ ಇಟ್ಟುಕೊಂಡಿರುವ ಕರಾವಳಿಯ ಗೆಳೆಯರೊಬ್ಬರು ಜುಲೈಯಲ್ಲಿ ನನ್ನ ಮುಂದೆ ಕೀಲುಗಳ ರಾಶಿ ಸುರಿದರು. “ಅದೇ ಫೈಲು, ಅದೇ ಮಷೀನು ಮಾರಾಯ್ರೆ. ಜನವರಿಯಲ್ಲಿ ಬೆರಳಲ್ಲಿ ತಿರುಗ್ತಿತ್ತು, ಈಗ ಇಕ್ಕಳ ಹಾಕಿದ್ರೂ ಅಲ್ಲಾಡುವುದಿಲ್ಲ,” ಎಂದರು.

ಇಂಥ ಕಡೆ ಅಂದಾಜಿಗಿಂತ ಗರಗಸ ವಾಸಿ. ಅಂಟಿದ ಕೀಲನ್ನು ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಅಂಟು ಎಲ್ಲಿದೆ ಎನ್ನುವುದೇ ಕಾರಣವನ್ನು ಹೇಳುತ್ತದೆ. ತಳದ ಒಂದೆರಡು ಪದರಗಳಲ್ಲಿ ಮಾತ್ರ ಅಂಟಿದ್ದರೆ, ಬಿಸಿ ತಟ್ಟೆಯ ಮೇಲೆ ಮೊದಲ ಪದರ ಒತ್ತಿ ಹರಡಿಕೊಂಡಿದೆ ಎಂದರ್ಥ. ಎರಡೂ ಬದಿಯಿಂದ 0.15 ಹರಡಿದರೆ 0.3ರ ಸಂದು ಮುಚ್ಚಿಹೋಗಲು ಅಷ್ಟೇ ಸಾಕು. ತಳದ ಅಂಚನ್ನು ಅರ್ಧ ಮಿಲಿಮೀಟರಿನಷ್ಟು ಓರೆಯಾಗಿ ಕತ್ತರಿಸಿದ ವಿನ್ಯಾಸ, ಇಲ್ಲವೇ PrusaSlicerನ Elephant foot compensation ಇದಕ್ಕೆ ಮದ್ದು. ಅಂಟು ಒಂದೇ ನೆಟ್ಟನೆಯ ಗೆರೆಯಾಗಿದ್ದರೆ, ಪ್ರತಿ ಸುತ್ತು ಶುರುವಾಗಿ ಮುಗಿಯುವ ಬಿಂದುವಿನಲ್ಲಿ ಉಳಿಯುವ ಪ್ಲಾಸ್ಟಿಕ್ ಗುಳ್ಳೆ ಸಂದಿನೊಳಗೆ ಬಿದ್ದಿದೆ. ಆ ಬಿಂದುವನ್ನು ಕೀಲಿನ ಆಚೆಗೆ ಸರಿಸಬೇಕು.

ಗೆಳೆಯರ ಕೀಲುಗಳಲ್ಲಿ ಕಂಡದ್ದು ಇವೆರಡೂ ಅಲ್ಲ. ಸಂದಿನ ಎತ್ತರಕ್ಕೂ ಒಂದು ಗೋಡೆಯಿಂದ ಇನ್ನೊಂದಕ್ಕೆ ಕೂದಲಿನಂಥ ಎಳೆಗಳು ಹಾದಿದ್ದವು, ಗೋಡೆಗಳ ಮೈ ಸಣ್ಣಸಣ್ಣ ಗುಳ್ಳೆಗಳಿಂದ ತರಿತರಿಯಾಗಿತ್ತು. ಯಂತ್ರದ ಹತ್ತಿರ ಕಿವಿಯಿಟ್ಟರೆ ನಾಜಲ್ಲಿನಿಂದ ಚಿಟಿಚಿಟಿ ಸದ್ದೂ ಕೇಳುತ್ತಿತ್ತು. ಪಿಎಲ್ಎ ಪ್ಲಾಸ್ಟಿಕ್ಕು ಗಾಳಿಯ ತೇವ ಹೀರುತ್ತದೆ. ಮುಂಬೈಯ ಮಳೆಗಾಲದಲ್ಲಿ ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡಾ 80ರ ಮೇಲೇ ಇರುತ್ತದೆ, ಫಿಲಮೆಂಟಿನ ಸುರುಳಿಯೋ ಕಿಟಕಿಯ ಪಕ್ಕ ತೆರೆದೇ ತೂಗುತ್ತಿತ್ತು. 200 ಡಿಗ್ರಿ ದಾಟಿದ ನಾಜಲ್ಲಿನಲ್ಲಿ ಆ ತೇವ ಆವಿಯಾಗಿ ಉಬ್ಬಿ ಪ್ಲಾಸ್ಟಿಕ್ಕನ್ನು ಹೊರದಬ್ಬುತ್ತದೆ. ನಾಜಲ್ ಒಂದು ತೋಳಿನಿಂದ ಇನ್ನೊಂದಕ್ಕೆ ಹಾರುವಾಗ ಸುಮ್ಮನಿರಬೇಕಾದ ಬಾಯಿ ತೊಟ್ಟಿಕ್ಕುತ್ತದೆ. ಕೀಲಿನಲ್ಲಿ ಆ ಹಾರಾಟ ಪ್ರತಿ ಪದರದಲ್ಲೂ ಸಂದಿನ ಮೇಲೆಯೇ ಆಗುವುದು. ಒಂದು ಎಳೆ ದುರ್ಬಲ, ಆದರೆ ನೂರು ಪದರದ ಎಳೆಗಳು ಸೇರಿದರೆ ಇಕ್ಕಳಕ್ಕೂ ಜಗ್ಗವು.

ಸಂದನ್ನು 0.5ಕ್ಕೆ ಏರಿಸಿಬಿಡೋಣ ಎಂದು ಗೆಳೆಯರು ಹೇಳಿದರು. ಅದಕ್ಕೆ ತೆರಬೇಕಾದ ಬೆಲೆಯನ್ನು ಕಾಗದದ ಮೇಲೆ ಹಾಕಿ ನೋಡಿದೆವು. ಕೀಲಿನ ಹಿಡಿತ 10 ಮಿಲಿಮೀಟರ್ ಉದ್ದ, ಮುಚ್ಚಳ 60 ಮಿಲಿಮೀಟರ್. ಪ್ರತಿ ಬದಿಗೆ 0.3 ಬಿಟ್ಟರೆ ಮುಚ್ಚಳದ ತುದಿ ಒಂದೊಂದು ಕಡೆಗೂ 3.6 ಮಿಲಿಮೀಟರಿನಷ್ಟು ಆಡುತ್ತದೆ. 0.5 ಬಿಟ್ಟರೆ 6 ಮಿಲಿಮೀಟರ್, ಡಬ್ಬಿ ಸರಿಯಾಗಿ ಮುಚ್ಚಿಕೊಳ್ಳುವುದೇ ಇಲ್ಲ. ಅಲ್ಲದೆ ಎಳೆಗಳು ಅರ್ಧ ಮಿಲಿಮೀಟರನ್ನೂ ಸಲೀಸಾಗಿ ದಾಟುತ್ತವೆ. ರೋಗ ಇದ್ದದ್ದು ಅಳತೆಯಲ್ಲಿ ಅಲ್ಲ.

ಫಿಲಮೆಂಟನ್ನು 45ರಿಂದ 50 ಡಿಗ್ರಿಯಲ್ಲಿ ಆರೆಂಟು ತಾಸು ಒಣಗಿಸಬೇಕು. 60ರ ಹತ್ತಿರ ಹೋದರೆ ಪಿಎಲ್ಎ ಮೆತ್ತಗಾಗಿ ಸುರುಳಿಯೇ ಒಂದಕ್ಕೊಂದು ಅಂಟಬಹುದು, ಆದ್ದರಿಂದ ಅಡುಗೆಮನೆಯ ಓವನ್ನಿನ ಗುಂಡಿಯನ್ನು ನಂಬುವುದು ಬೇಡ, ಬೇರೆ ಥರ್ಮಾಮೀಟರ್ ಇಡಬೇಕು. ಒಣಗಿದ ಸುರುಳಿಯನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಸಣ್ಣ ಕೊಳವೆಯ ಮೂಲಕ ನೇರ ಯಂತ್ರಕ್ಕೆ ಎಳೆದುಕೊಂಡೆವು. ಚಿಟಿಚಿಟಿ ನಿಂತಿತು. ಆಮೇಲೆ ಒಂದೇ ಪಟ್ಟಿಯ ಮೇಲೆ 0.2ರಿಂದ 0.4ರವರೆಗೆ 0.05ರ ಹೆಜ್ಜೆಯಲ್ಲಿ ಐದು ಕೀಲುಗಳನ್ನು ಸಾಲಾಗಿ ಅಚ್ಚು ಹಾಕಿದೆವು. 0.2ರದ್ದು ಕಚ್ಚಿಕೊಂಡೇ ಇತ್ತು, ತಿರುಚಿದರೆ ಶಂಕುವಿನ ಬುಡ ಬೆಳ್ಳಗಾಗಿ ಸೀಳಿತು. 0.25ರದ್ದು ಟಕ್ ಎಂದು ಬಿಟ್ಟುಕೊಂಡು ಬಿಗಿಯಾಗಿ ತಿರುಗಿತು. 0.3ರದ್ದು ಬೆರಳ ಮೊದಲ ಒತ್ತಿಗೇ ಆಡಿತು.

ಗೆಳೆಯರು ಫೈಲಿನಲ್ಲಿ 0.3 ಎಂದು ಬರೆದು, ಪಕ್ಕದಲ್ಲಿ ನಾಜಲ್ಲಿನ ಅಳತೆ, ಪದರದ ದಪ್ಪ, ಫಿಲಮೆಂಟಿನ ಬಣ್ಣ ಮತ್ತು ಒಣಗಿಸಿದ ತಾರೀಖನ್ನೂ ಟಿಪ್ಪಣಿಯಾಗಿ ಸೇರಿಸಿದರು. ನಾಜಲ್ ಬದಲಿಸಿದಾಗ, ಹೊಸ ಸುರುಳಿ ಹಾಕಿದಾಗ ಆ ಐದು ಕೀಲಿನ ಪಟ್ಟಿಯನ್ನು ಮೊದಲು ಅಚ್ಚು ಹಾಕಿ, ಆಮೇಲೆ ಡಬ್ಬಿಯ ಕೆಲಸಕ್ಕೆ ಕೈಹಾಕುತ್ತಾರೆ.